ಬಂದ ದುಡ್ಡು ಯಾವ ಡಬ್ಬದ್ದು?

ಗುರುವಾರ ಮಧ್ಯಾಹ್ನ ಅತ್ತಿಗೆಯ ಫೋನಿಗೆ ಬ್ಯಾಂಕಿನ ಮೆಸೇಜು ಬಂತು. 2,910 ರೂಪಾಯಿ ಜಮಾ. ನಾವು ಆಗ ತಾಲ್ಲೂಕು ಕಚೇರಿ ಮುಂದೆ ಒಂದು ಧರಣಿಯ ಸುದ್ದಿಗೆ ನಿಂತಿದ್ದೆವು. ಅಲ್ಲಿಗೇ ಫೋನ್ ಮಾಡಿದರು. "ಏನಪ್ಪಾ ಇದು, ಹನ್ನೆರಡು ಡಬ್ಬ ತಲುಪಿದೆ ಅಂತ ನೀನೇ ಹೇಳಿದ್ದೆ. ಆರು ಸಾವಿರದ ಇನ್ನೂರ ನಲವತ್ತು ಬರಬೇಕಲ್ವಾ? ಇವರು ಹಾಕಿರೋದು ಅರ್ಧಾನೂ ಇಲ್ಲ." ಶನಿವಾರ ಸಂಘದ ಕಂತು ಕಟ್ಟಬೇಕಿತ್ತು. ಮಂಡಿಯಲ್ಲಿ ತಂದ ಕೊಬ್ಬರಿಯ ಬಾಕಿ ಬೇರೆ ಇತ್ತು. ಸಂಜೆ ಬಂದು ನೋಡುತ್ತೇವೆ ಎಂದು ಫೋನ್ ಇಟ್ಟೆವು.

ಅತ್ತಿಗೆ ಕೊಬ್ಬರಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಮಾಡುತ್ತಾರೆ. ಎರಡೂ ಸೇರಿದ ಒಂದು ಡಬ್ಬಕ್ಕೆ ಕೊರಿಯರ್ ಖರ್ಚೂ ಒಳಗೊಂಡು 520 ರೂಪಾಯಿ. ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಆರ್ಡರ್ ಬರುತ್ತದೆ. ಮುಖ ನೋಡದ ಮಾರಾಟ ಆದ್ದರಿಂದ ಹೆಚ್ಚಿನವರು "ಡಬ್ಬ ಕೈಗೆ ಬಂದ ಮೇಲೆ ದುಡ್ಡು" ಎನ್ನುತ್ತಾರೆ. ಕ್ಯಾಶ್ ಆನ್ ಡೆಲಿವರಿ, ಚಿಕ್ಕದಾಗಿ ಸಿಓಡಿ. ಪಾರ್ಸೆಲ್ ಕಟ್ಟುವುದು ಅವರ ಪಾಲು, ಲೆಕ್ಕ ನಮ್ಮ ಪಾಲು. ಮೊದಲ ಮೂರು ತಿಂಗಳು ನಾವು ಮಾಡಿದ್ದು ಲೆಕ್ಕವೇ ಅಲ್ಲ. ಬ್ಯಾಂಕಿಗೆ ಬಂದದ್ದನ್ನು ಕೂಡುತ್ತಾ ಹೋಗಿ, ಕಳಿಸಿದ್ದಕ್ಕಿಂತ ಕಡಿಮೆ ಬಂದಾಗ "ಕೊರಿಯರಿನವರು ಹಿಡಕೊಂಡಿರಬೇಕು" ಎಂದು ಸುಮ್ಮನಾಗಿದ್ದೆವು.

ದುಡ್ಡು ಹಿಂದೆಯೂ ಹೀಗೆ ಅಂಚೆಯಲ್ಲಿ ವಾಪಸು ಬರುತ್ತಿತ್ತು. ನಮ್ಮ ದೇಶದಲ್ಲಿ ವಿ.ಪಿ.ಪಿ. ಶುರುವಾದದ್ದು 1877ರಲ್ಲಿ. ಕನ್ನಡ ಪುಸ್ತಕ ಎಷ್ಟೋ ಊರುಗಳಿಗೆ ತಲುಪಿದ್ದೇ ಅದರಲ್ಲಿ. ಪೋಸ್ಟ್‌ಮ್ಯಾನ್ ಪುಸ್ತಕ ಕೊಟ್ಟು ದುಡ್ಡು ಪಡೆದರೆ, ಆ ಒಂದು ಪಾರ್ಸೆಲ್ಲಿನ ದುಡ್ಡು ಒಂದು ಮನಿಯಾರ್ಡರ್ ಆಗಿ ಕಳಿಸಿದವರ ಮನೆಗೆ ಬರುತ್ತಿತ್ತು. ಹತ್ತು ಪಾರ್ಸೆಲ್ಲಿಗೆ ಹತ್ತು ಮನಿಯಾರ್ಡರ್. ತಡವಾಗುತ್ತಿದ್ದರೂ ಯಾವ ದುಡ್ಡು ಯಾವುದರದ್ದು ಎಂಬ ಅನುಮಾನಕ್ಕೆ ಜಾಗ ಇರಲಿಲ್ಲ. ಕೊರಿಯರಿನಲ್ಲಿ ಹಾಗಲ್ಲ. ವಾರದ ಡಬ್ಬಗಳ ದುಡ್ಡೆಲ್ಲ ಒಂದೇ ರಾಶಿಯಾಗಿ, ಖರ್ಚು ಕಳೆದುಕೊಂಡು, ಒಂದು ಯುಟಿಆರ್ ನಂಬರಿನಡಿ ಬಂದು ಬೀಳುತ್ತದೆ. ಪಾಸ್‌ಬುಕ್ಕಿನಲ್ಲಿ ಕಾಣುವ ಕಂಪನಿಯ ಹೆಸರು ಕೂಡ ಡಬ್ಬ ಕೊಡಲು ಹೋದ ಹುಡುಗನ ಅಂಗಿಯ ಮೇಲಿನ ಹೆಸರಲ್ಲ. ನಾವು ಬುಕ್ ಮಾಡುವುದು ಹಲವು ಕೊರಿಯರುಗಳನ್ನು ಒಟ್ಟಿಗಿಟ್ಟುಕೊಂಡ ಒಂದು ಸೈಟಿನಲ್ಲಿ, ದುಡ್ಡು ಹಾಕುವವರು ಆ ಸೈಟಿನವರು.

ತಿಪಟೂರಿನಲ್ಲಿ ಮಂಡಿಗೆ ಕೊಬ್ಬರಿ ಹಾಕಿದವರು ಪಟ್ಟಿ ಇಲ್ಲದೆ ದುಡ್ಡು ಎಣಿಸುವುದಿಲ್ಲ. ಎಷ್ಟು ಚೀಲ, ಎಷ್ಟು ತೂಕ, ಏನು ಧಾರಣೆ, ಹಮಾಲಿ ಎಷ್ಟು ಹೋಯಿತು, ಎಲ್ಲ ಅದರಲ್ಲಿರುತ್ತದೆ. ಕೊರಿಯರಿನ ದುಡ್ಡಿಗೂ ಅಂಥ ಪಟ್ಟಿ ಇದೆ, ಆದರೆ ಯಾರೂ ತಂದು ಕೊಡುವುದಿಲ್ಲ. ಸೈಟಿನಲ್ಲಿ ರೆಮಿಟೆನ್ಸ್ ಎಂಬ ಕಡೆ ಹೋಗಿ, ಆ ದಿನದ ಯುಟಿಆರ್ ಹುಡುಕಿ, ಅದರ ಫೈಲನ್ನು ನಾವೇ ಇಳಿಸಿಕೊಳ್ಳಬೇಕು. ಅದರಲ್ಲಿ ಡಬ್ಬಕ್ಕೊಂದು ಸಾಲು ಇರುತ್ತದೆ. ಸಾಲಿನ ಮೊದಲಿಗೆ ವೇಬಿಲ್ ನಂಬರ್, ಅಂದರೆ ಡಬ್ಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಗೆರೆಗೆರೆಯ ಕೆಳಗಿರುವ ಉದ್ದನೆಯ ಸಂಖ್ಯೆ.

ಹಿಡಿಯಬೇಕಾದ್ದು ಆ ಸಂಖ್ಯೆಯನ್ನೇ. ಮೊತ್ತ ಹಿಡಿದು ಹೊಂದಿಸಲು ಆಗುವುದಿಲ್ಲ, ನಮ್ಮ ಡಬ್ಬವೆಲ್ಲ 520. ಗಿರಾಕಿಯ ಹೆಸರು ಅನೇಕ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಮತ್ತೆ, ಬ್ಯಾಂಕಿನಿಂದ ಹಿಂದಕ್ಕೆ ಬರುವ ಬದಲು ಡಬ್ಬದಿಂದ ಮುಂದಕ್ಕೆ ಹೋಗಬೇಕು. ಬ್ಯಾಂಕಿನ ಕಡೆಯಿಂದ ಹೊರಟರೆ ಬಂದದ್ದು ಮಾತ್ರ ಕಾಣುತ್ತದೆ. ಬಾರದೇ ಹೋದದ್ದು ಕಾಣಬೇಕಾದರೆ ಕಳಿಸಿದ ಪ್ರತಿ ಡಬ್ಬಕ್ಕೂ ನಮ್ಮ ಪುಸ್ತಕದಲ್ಲಿ ಮೊದಲೇ ಒಂದು ಸಾಲು ಇರಬೇಕು. ಆ ಸಾಲು ಮುಗಿಯುವುದು ಎರಡೇ ರೀತಿಯಲ್ಲಿ: ಒಂದೋ ದುಡ್ಡು ಬಂತು, ಇಲ್ಲವೋ ಡಬ್ಬ ವಾಪಸು ಬಂತು. ಎರಡೂ ಆಗದ ಸಾಲೇ ಸೋರುವ ಜಾಗ.

ಆ ಸಂಜೆ ಕೂತು ಮಾಡಿದ್ದು ಇಷ್ಟೇ. ನಮ್ಮ ಶೀಟಿನಲ್ಲಿ ಕಳಿಸಿದ ವೇಬಿಲ್‌ಗಳು, ಪಕ್ಕದ `Remit` ಎಂಬ ಹಾಳೆಯಲ್ಲಿ ಇಳಿಸಿಕೊಂಡ ಪಟ್ಟಿಗಳು. ಪ್ರತಿ ಡಬ್ಬದ ಮುಂದೆ ಈ ಸೂತ್ರ:

```
=COUNTIF(Remit!A:A, A2)
```

1 ಬಂದರೆ ದುಡ್ಡು ಬಂದಿದೆ, 0 ಬಂದರೆ ಇಲ್ಲ. ಮೊದಲ ಸಲ ಎಲ್ಲಕ್ಕೂ 0 ಬಂದು ಅತ್ತಿಗೆ ಗಾಬರಿಯಾದರು. ತಪ್ಪು ಎಕ್ಸೆಲ್ಲಿನಲ್ಲಿ ಫೈಲ್ ತೆರೆದ ರೀತಿಯದ್ದು. ಉದ್ದನೆಯ ಸಂಖ್ಯೆಯನ್ನು ಅದು `1.43E+13` ಎಂದು ಮುದುಡಿಸಿ ತೋರಿಸುತ್ತದೆ. ಹಾಗೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಹಿಂದಿನ ಅಂಕಿಗಳು ಹೋಗಿಯೇಬಿಡುತ್ತವೆ. ಫೈಲನ್ನು ಮತ್ತೆ ಇಳಿಸಿ, ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಹೇಳಿ ತೆರೆದ ಮೇಲೆ ಸರಿಹೋಯಿತು. ಹನ್ನೆರಡರಲ್ಲಿ ಒಂಬತ್ತಕ್ಕೆ 1, ಮೂರಕ್ಕೆ 0.

ಒಂಬತ್ತು ಡಬ್ಬಕ್ಕೆ 4,680 ಆಯಿತು. ಇನ್ನು ಕಳೆದದ್ದು. ಒಂದು ಡಬ್ಬಕ್ಕೆ ಸಾಗಣೆ 60, ದುಡ್ಡು ವಸೂಲಿ ಮಾಡಿದ್ದಕ್ಕೆ 40, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 118. ಒಂಬತ್ತಕ್ಕೆ 1,062. ಅದೇ ವಾರ ಮೂರು ಡಬ್ಬ ಗಿರಾಕಿ ತೆಗೆದುಕೊಳ್ಳದೆ ವಾಪಸಾಗಿದ್ದವು. ವಸೂಲಿ ಇಲ್ಲದ್ದರಿಂದ ಆ 40 ಇಲ್ಲ, ಆದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನಮ್ಮದೇ. ಒಂದಕ್ಕೆ 141 ರೂಪಾಯಿ 60 ಪೈಸೆಯಂತೆ 424.80.

ನಾಲ್ಕು ಡಬ್ಬಕ್ಕೆ ತೂಕದ ವ್ಯತ್ಯಾಸ ಎಂದು 53.10ರಂತೆ 212.40 ಹಿಡಿದಿದ್ದರು. ಇಲ್ಲಿ ಅತ್ತಿಗೆಗೆ ಸಿಟ್ಟು ಬಂತು. "ತಕ್ಕಡೀಲಿ ಇಟ್ಟು ನೋಡಿದೀನಿ, ನಾನೂರ ಎಪ್ಪತ್ತು ಗ್ರಾಂ. ಅರ್ಧ ಕೇಜಿ ಒಳಗೇ ಇದೆ." ಅವರು ಹೇಳಿದ್ದು ನಿಜ. ಆದರೆ ಕೊರಿಯರಿನವರು ತೂಕದ ಜೊತೆ ಡಬ್ಬ ಹಿಡಿಯುವ ಜಾಗವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ತೂಕ ಮತ್ತು ಇದರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನಮ್ಮ ಡಬ್ಬ 22, 18, 10. ಗುಣಿಸಿದರೆ 3,960, ಭಾಗಿಸಿದರೆ 0.792 ಕೇಜಿ. ಅರ್ಧ ಕೇಜಿ ದಾಟಿ ಒಂದು ಕೇಜಿಯ ಲೆಕ್ಕಕ್ಕೆ ಬಿತ್ತು. ಒಂಬತ್ತರಲ್ಲಿ ನಾಲ್ಕು ಮಾತ್ರ ಅಳತೆಗೆ ಸಿಕ್ಕವು, ಉಳಿದವು ತಪ್ಪಿಸಿಕೊಂಡವು. ಡಬ್ಬದ ಖಾಲಿ ಜಾಗಕ್ಕೆ ಅತ್ತಿಗೆ ತುರುಕುತ್ತಿದ್ದದ್ದು ಹಳೇ ಪೇಪರು. ನಮ್ಮ ವರದಿಗಳನ್ನು ರಾಜ್ಯದಾದ್ಯಂತ ಬಾಡಿಗೆ ಕೊಟ್ಟು ಕಳಿಸುತ್ತಿದ್ದೆವು ಎಂದಾಯಿತು. ಈಗ 20, 15, 8ರ ಡಬ್ಬ ತರಿಸಿದ್ದೇವೆ, 0.48 ಬರುತ್ತದೆ. ಅಳತೆ ನಿಜವಾಗಿಯೂ ತಪ್ಪಾಗಿದ್ದರೆ ತಕರಾರು ಹಾಕಬಹುದು. ನಮ್ಮ ಸೈಟಿನಲ್ಲಿ ಅದಕ್ಕೆ ಏಳು ದಿನದ ಗಡುವು, ಟೇಪು ಹಿಡಿದ ಡಬ್ಬದ ಫೋಟೊ ಬೇಕು. ವಾರಕ್ಕೊಮ್ಮೆ ಪಟ್ಟಿ ನೋಡದವರಿಗೆ ಆ ಗಡುವು ಸಿಗುವುದೇ ಇಲ್ಲ.

ಇಷ್ಟನ್ನೂ ಕಳೆದರೆ 2,980.80 ಬರಬೇಕಿತ್ತು. ಬಂದದ್ದು 2,910. ಉಳಿದ 70.80 ಪಟ್ಟಿಯ ಕೊನೆಯಲ್ಲಿ ಒಂಟಿಯಾಗಿ ಕೂತಿತ್ತು. ಅದು 60ಕ್ಕೆ ಜಿಎಸ್‌ಟಿ ಸೇರಿಸಿದ ಮೊತ್ತ, ವಸೂಲಿಯ 40 ಅದರಲ್ಲಿಲ್ಲ. ಅಂದರೆ ಡಬ್ಬ ತಲುಪಿದೆ, ದುಡ್ಡನ್ನು ಕೇಳಿಯೇ ಇಲ್ಲ. ವೇಬಿಲ್ ನೋಡಿದರೆ 0 ಬಂದ ಮೂರರಲ್ಲಿ ಅದೂ ಒಂದು. ಬುಕ್ ಮಾಡುವಾಗ ನಾವೇ `COD` ಬದಲು `Prepaid` ಒತ್ತಿದ್ದೆವು. ಶಿವಮೊಗ್ಗದ ಗಿರಾಕಿಗೆ ಅಳುಕುತ್ತಾ ಫೋನ್ ಮಾಡಿದೆವು. "ನಾನೂ ಅದೇ ಅಂದ್ಕೊಂಡೆ ಸಾರ್, ಹುಡುಗ ದುಡ್ಡು ಕೇಳ್ಲೇ ಇಲ್ಲ, ಡಬ್ಬ ಕೊಟ್ಟು ಹೋಗೇಬಿಟ್ಟ" ಎಂದು ನಕ್ಕು, ಮಾತು ಮುಗಿಯುವುದರೊಳಗೆ ಕಳಿಸಿದರು. ಎಲ್ಲರೂ ಹಾಗಿರುವುದಿಲ್ಲ. ಈಗ ಚೀಟಿ ಅಂಟಿಸುವ ಮುಂಚೆ ವಸೂಲಿ ಮೊತ್ತ ಅದರ ಮೇಲೆ ಅಚ್ಚಾಗಿದೆಯೇ ಎಂದು ಅತ್ತಿಗೆ ಓದಿ ನೋಡುತ್ತಾರೆ.

ಎರಡನೆಯದು ಬರೀ ದಿನದ ಲೆಕ್ಕ. ತಲುಪಿ ಏಳು ದಿನ ಕಳೆದ ಮೇಲೆ ಬರುವ ಗುರುವಾರ ದುಡ್ಡು ಹಾಕುವುದು ನಮ್ಮ ಸೈಟಿನ ಕ್ರಮ. ಗುರುವಾರ ತಲುಪಿದ ಡಬ್ಬದ ದುಡ್ಡು ಮುಂದಿನ ಗುರುವಾರವೇ ಬರುತ್ತದೆ. ಶುಕ್ರವಾರ ತಲುಪಿದರೆ ಆ ಗುರುವಾರಕ್ಕೆ ಆರೇ ದಿನ ಆಗಿರುತ್ತದೆ, ಹದಿಮೂರು ದಿನ ಕಾಯಬೇಕು. ನಮ್ಮದು ಶುಕ್ರವಾರ ತಲುಪಿತ್ತು. ಮುಂದಿನ ವಾರ ಬಂತು. ಈಗ ತಲುಪಿದ ದಿನದ ಪಕ್ಕದಲ್ಲಿ ದುಡ್ಡು ಬರಬೇಕಾದ ದಿನವನ್ನೂ ಬರೆದಿಡುತ್ತೇವೆ. ಆ ದಿನ ದಾಟದೆ 0 ನೋಡಿ ಗಾಬರಿಯಾಗುವುದಿಲ್ಲ, ದಾಟಿದ ಮೇಲೆ ಸುಮ್ಮನಿರುವುದೂ ಇಲ್ಲ.

ಮೂರನೆಯದು ಕಲಬುರಗಿಯ ಡಬ್ಬ. ಬರಬೇಕಾದ ಗುರುವಾರ ದಾಟಿತು, ಇನ್ನೊಂದೂ ದಾಟಿತು. ಸೈಟಿನಲ್ಲಿ ಮಾತ್ರ `Delivered`. ಗಿರಾಕಿಯನ್ನು ಕೇಳಿದರೆ, "ಚಿಲ್ರೆ ಇರಲಿಲ್ರೀ, ಹುಡುಗನ ನಂಬರಿಗೇ ಫೋನ್‌ಪೇ ಮಾಡೀನಿ" ಎಂದರು. ಕಂಪನಿಯ ಕೋಡಿಗೆ ಹೋಗಬೇಕಾದ ದುಡ್ಡು ಹುಡುಗನ ಸ್ವಂತ ಖಾತೆಗೆ ಹೋಗಿತ್ತು. ಕಂಪನಿಯ ಲೆಕ್ಕದಲ್ಲಿ ವಸೂಲಿಯೇ ಆಗಿರಲಿಲ್ಲ. ಅವರಿಂದ ಸ್ಕ್ರೀನ್‌ಶಾಟ್ ತರಿಸಿ, ವೇಬಿಲ್, ತಲುಪಿದ ದಿನ, "ಈ ಎರಡು ಯುಟಿಆರ್‌ಗಳ ಪಟ್ಟಿಯಲ್ಲೂ ಈ ಡಬ್ಬ ಇಲ್ಲ" ಎಂಬ ಒಂದು ಸಾಲು, ಇಷ್ಟು ಬರೆದು ದೂರು ಹಾಕಿದೆವು. ಹಿಂದೆ ಇದೇ ರೀತಿ "ದುಡ್ಡು ಕಡಿಮೆ ಬಂದಿದೆ" ಎಂದು ಬರೆದಾಗ "ಪರಿಶೀಲಿಸಿದ್ದೇವೆ, ಸರಿಯಿದೆ" ಎಂಬ ಉತ್ತರವಷ್ಟೇ ಬಂದಿತ್ತು. ಈ ಸಲ ಮೂರನೇ ಗುರುವಾರ ಪಟ್ಟಿಯಲ್ಲಿ ಆ ವೇಬಿಲ್ ಕಾಣಿಸಿತು. ಹುಡುಗನ ಸಂಬಳದಲ್ಲಿ ಹಿಡಿದರೋ ಏನೋ. ಅವನು ಮೋಸ ಮಾಡಿದನೋ ಮರೆತನೋ ನಮಗೆ ಗೊತ್ತಾಗಲಿಲ್ಲ, ಆ ಯೋಚನೆ ಒಂದೆರಡು ದಿನ ಕಾಡಿತು. ವರದಿಗೆ ಇಷ್ಟು ಎಂದು ಎಣಿಸಿ ತೆಗೆದುಕೊಳ್ಳುವ ನಮಗೆ ಡಬ್ಬಕ್ಕೆ ಇಷ್ಟು ಎಂದು ದುಡಿಯುವವರ ಮೇಲೆ ದೂರು ಬರೆಯಲು ಕೈ ಹಗುರ ಬರುವುದಿಲ್ಲ.

ಸಂಘದ ಕಂತಿಗೆ ಆ ಶನಿವಾರ ಅಣ್ಣನ ಹತ್ತಿರ ಕೈಗಡ ತೆಗೆದುಕೊಂಡರು. ಅರ್ಧಾನೂ ಇಲ್ಲ ಎಂದಿದ್ದ ದುಡ್ಡಿನಲ್ಲಿ ನಿಜಕ್ಕೂ ಖರ್ಚಾಗಿ ಹೋದದ್ದು 1,770, ದಾರಿಯಲ್ಲಿದ್ದದ್ದು 1,560 ಎಂದು ತಿಳಿದ ಮೇಲೆ ಮಂಡಿಯವರಿಗೆ "ಮುಂದಿನ ಗುರುವಾರ ಇಷ್ಟು ಕೊಡ್ತೀನಿ" ಎಂದು ದಿನ, ಮೊತ್ತ ಎರಡೂ ಹೇಳಿ ಬಂದರು.

ವಾಪಸಾದ ಮೂರು ಡಬ್ಬಗಳ ಸಾಲನ್ನು ಮುಗಿದವು ಎಂದು ನಾವು ಗೀಟು ಹಾಕಿದ್ದೆವು. ಅತ್ತಿಗೆ ಒಳಕೋಣೆಗೆ ಹೋಗಿ ಎಣಿಸಿ ಬಂದರು. ಸೈಟಿನಲ್ಲಿ ಮೂರಕ್ಕೂ `RTO Delivered` ಎಂದಿದೆ, ಬಾಡಿಗೆಯೂ ಮೂರಕ್ಕೂ ಹೋಗಿದೆ, ಇರುವುದು ಎರಡೇ ಡಬ್ಬ. ಒಂದು ಗೀಟನ್ನು ಅಳಿಸಿ ಪಕ್ಕದಲ್ಲಿ ವೇಬಿಲ್ಲಿನ ಕೊನೆಯ ನಾಲ್ಕು ಅಂಕಿ ಬರೆದುಕೊಂಡಿದ್ದಾರೆ. ಸೋಮವಾರ ಅದನ್ನು ಹಿಡಿದು ಕೊರಿಯರ್ ಆಫೀಸಿಗೆ ಹೋಗಬೇಕು.