27,836 ರೂಪಾಯಿ ನಷ್ಟ, ಆದರೆ ಯಾವುದರಲ್ಲಿ?

ತುಮಕೂರು ರಸ್ತೆಯ ಬದಿಯ ಮಿಡಿಸೌತೆ ಘಟಕ. ಗೇಟು ದಾಟುತ್ತಿದ್ದಂತೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ಅಂಗಳದ ತುಂಬ ಅಮೆರಿಕಕ್ಕೆ ಹೊರಡಲಿರುವ ಡ್ರಮ್ಮುಗಳು. ನೀವು ಆಡಿಟ್‌ಗೆ ಬಂದಿದ್ದೀರಿ. ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ನೋಡಬೇಕು. ಬಾಕಿ ತೋರಿಸಿದ ಹಣ ಆಮೇಲೆ ನಿಜವಾಗಿ ಬಂತೇ ಎಂದು ತಿಳಿಯಲು ಏಪ್ರಿಲ್ ತಿಂಗಳ ಪುಸ್ತಕವನ್ನೂ ತೆರೆಸಿದ್ದೀರಿ. ಮಹಡಿಯ ಮೇಲಿನ ಆಫೀಸಿನಲ್ಲಿ ಅಕೌಂಟೆಂಟ್ ಮೇಡಂ ಟ್ಯಾಲಿಯ ಪರದೆಯನ್ನು ನಿಮ್ಮತ್ತ ತಿರುಗಿಸುತ್ತಾರೆ. ಏಪ್ರಿಲ್ 24ರಂದು ಒಂದೇ ಸಾಲು: ವಿನಿಮಯ ನಷ್ಟ, 27,836 ರೂಪಾಯಿ.

“ಬಿಲ್ಲು 17,28,000ಕ್ಕೆ ಹಾಕಿದ್ವಿ ಸರ್. ಬ್ಯಾಂಕಿಗೆ ಬಂದಿದ್ದು 17,00,164. ಮಿಕ್ಕಿದ್ದು ರೇಟ್ ವ್ಯತ್ಯಾಸ ಅಂತ ಹಾಕಿದೆ. ಪಾರ್ಟಿ ಲೆಡ್ಜರ್ ಸೊನ್ನೆ ಆಗಿದೆ ನೋಡಿ.”

ನೋಡುತ್ತೀರಿ. ರೂಪಾಯಿ ಕಾಲಂ ಸೊನ್ನೆ. ಆದರೆ ಡಾಲರ್ ಕಾಲಂನಲ್ಲಿ 25 ಉಳಿದಿದೆ.

ಇದನ್ನು ಕಂಡ ಮೇಲೆ ಮುಂದಕ್ಕೆ ಹೋಗುವಂತಿಲ್ಲ. ಡಾಲರ್ ಪೂರ್ತಿ ತೀರಿ ರೂಪಾಯಿಯಲ್ಲಿ ಮಾತ್ರ ಏನಾದರೂ ಉಳಿದರೆ ಅದು ವಿನಿಮಯದ ವ್ಯತ್ಯಾಸ. ಡಾಲರೇ ಉಳಿದಿದ್ದರೆ ಆ 25 ಡಾಲರ್ ಗಿರಾಕಿ ಕೊಡಬೇಕಾದ್ದು, ಇಲ್ಲವೇ ದಾರಿಯಲ್ಲಿ ಯಾರೋ ಮುರಿದುಕೊಂಡದ್ದು. ದರ ಏರಿಳಿದರೆ ಡಾಲರಿನ ಬೆಲೆ ಬದಲಾಗುತ್ತದೆ, ಡಾಲರಿನ ಸಂಖ್ಯೆ ಕಡಿಮೆಯಾಗುವುದಿಲ್ಲ.

ಫೈಲು ತರಿಸುತ್ತೀರಿ. ಮೊದಲು ಬಿಲ್ಲು: ಫೆಬ್ರುವರಿ 12, 20,000 ಡಾಲರ್. ಪುಸ್ತಕಕ್ಕೆ ಹತ್ತಿದ ದರ 86.40. (ಲೆಕ್ಕ ಹಿಡಿಯಲು ಸುಲಭವಾಗಲೆಂದು ಇಲ್ಲಿನ ದರಗಳನ್ನೆಲ್ಲ ನಾನೇ ದುಂಡಗೆ ಇಟ್ಟಿದ್ದೇನೆ.) ಜೊತೆಗಿರುವ ಶಿಪ್ಪಿಂಗ್ ಬಿಲ್ಲಿನಲ್ಲಿ ಬೇರೆ ದರ ಇದೆ, 85.60. ಗಾಬರಿ ಬೇಡ. ಅದು ಕಸ್ಟಮ್ಸ್ ಇಲಾಖೆ ಪ್ರಕಟಿಸುವ ದರ. ಸರಕು ರಫ್ತಿನ ಮೌಲ್ಯವನ್ನು ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸುವಾಗಲೂ ಅದೇ ನಡೆಯುತ್ತದೆ. ಪುಸ್ತಕದ ವಿಷಯ ಬೇರೆ. ಲೆಕ್ಕದ ಮಾನದಂಡ ಎಎಸ್ 11 ಕೇಳುವುದು ವ್ಯವಹಾರ ನಡೆದ ದಿನದ ದರ. ಆ ದಿನ ಎಫ್‌ಬಿಐಎಲ್ ಪ್ರಕಟಿಸಿದ ಉಲ್ಲೇಖ ದರಕ್ಕೆ ತಾಳೆ ಹಾಕುತ್ತೀರಿ. 86.40 ಸರಿಯಾಗಿದೆ.

ಈಗ ಮಾರ್ಚ್ 31. ಅಂದು ಹಣ ಇನ್ನೂ ಬಂದಿಲ್ಲ. ಬರಬೇಕಾದ ಡಾಲರಿಗೆ ವರ್ಷದ ಕೊನೆಯ ದರದಲ್ಲಿ ಮತ್ತೆ ಬೆಲೆ ಕಟ್ಟಬೇಕು. ದರ 85.50. ಹಾಗಾದರೆ ಬಾಕಿ 17,10,000. ವ್ಯತ್ಯಾಸ 18,000 ರೂಪಾಯಿ ಮುಗಿದ ವರ್ಷದ್ದೇ ನಷ್ಟ. ಬ್ಯಾಲೆನ್ಸ್ ಶೀಟ್ ತೆರೆಸಿದರೆ ಅಲ್ಲಿ ಬಾಕಿ 17,28,000 ಎಂದೇ ಕೂತಿದೆ.

“ದುಡ್ಡು ಬಂದಾಗ ತಾನೇ ನಷ್ಟ ಗೊತ್ತಾಗೋದು ಸರ್?” ಎನ್ನುತ್ತಾರೆ ಮೇಡಂ.

ಅವರ ಪ್ರಶ್ನೆ ಸಹಜವಾದದ್ದೇ. ಆದರೆ ಮಾರ್ಚ್ 31ರಂದು ಆ ಬಾಕಿ 17,28,000ದ ಆಸ್ತಿಯಾಗಿ ಉಳಿದಿರಲಿಲ್ಲ. ಹಾಗೇ ಬಿಟ್ಟರೆ ಒಂದು ವರ್ಷದ ಲಾಭ 18,000 ಹೆಚ್ಚಾಗಿ, ಮುಂದಿನ ವರ್ಷದ್ದು ಅಷ್ಟೇ ಕಡಿಮೆಯಾಗಿ ಕಾಣುತ್ತದೆ. ನೀವು ಅದನ್ನು ಹೇಳಿ ಮಾರ್ಚ್ 31ಕ್ಕೆ ಜರ್ನಲ್ ಬರೆಸುತ್ತೀರಿ.

ಏಪ್ರಿಲಿಗೆ ಉಳಿದದ್ದು 9,836. ಇದನ್ನು ಬಿಡಿಸಲು ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲದು. ಅದರಲ್ಲಿ ಎಲ್ಲ ಮುರಿದು ಮಿಕ್ಕ ಮೊತ್ತ ಮಾತ್ರ ಇರುತ್ತದೆ. ನಿಮಗೆ ಬೇಕಾದದ್ದು ಬ್ಯಾಂಕ್ ಕೊಡುವ ಒಳಬಂದ ಹಣದ ಅಡ್ವೈಸ್ ಮತ್ತು ಸ್ವಿಫ್ಟ್ ಸಂದೇಶದ ಪ್ರತಿ. ಮೇಡಂ ಇಮೇಲ್ ಹುಡುಕುತ್ತಾರೆ, ಸಿಗುವುದಿಲ್ಲ. ಬ್ಯಾಂಕಿಗೆ ಫೋನ್ ಮಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಬರುತ್ತವೆ.

ಸ್ವಿಫ್ಟ್ ಪ್ರತಿಯಲ್ಲಿ ಗಿರಾಕಿ ಕಳಿಸಿದ್ದು ಪೂರ್ತಿ 20,000 ಡಾಲರ್. `71A` ಎಂಬ ಜಾಗದಲ್ಲಿ `SHA` ಎಂದಿದೆ, ಅಂದರೆ ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳಬೇಕು. ಕೆಳಗೆ `71F`ನಲ್ಲಿ 25 ಡಾಲರ್. ನಡುವಿನ ಬ್ಯಾಂಕ್ ಮುರಿದುಕೊಂಡದ್ದು ಇದೇ. ಘಟಕದ ಬ್ಯಾಂಕಿಗೆ ತಲುಪಿದ್ದು 19,975 ಡಾಲರ್. ಅಡ್ವೈಸಿನಲ್ಲಿರುವ ದರ 85.20. ಗುಣಿಸಿದರೆ 17,01,870. ಅದರಿಂದ ಬ್ಯಾಂಕ್ ಶುಲ್ಕ 500, ಶುಲ್ಕದ ಮೇಲೂ ಕರೆನ್ಸಿ ಪರಿವರ್ತನೆಯ ಮೇಲೂ ಸೇರಿ ಜಿಎಸ್‌ಟಿ 1,206 ಕಳೆದರೆ 17,00,164. ಸ್ಟೇಟ್‌ಮೆಂಟಿನ ಮೊತ್ತಕ್ಕೆ ಸರಿಯಾಗಿ ಕೂತಿತು.

ಈಗ ವಿನಿಮಯ ನಷ್ಟವನ್ನು ಸ್ವತಂತ್ರವಾಗಿ ಲೆಕ್ಕ ಹಾಕಿ. ತೀರಿದ ಡಾಲರನ್ನು ದರದ ವ್ಯತ್ಯಾಸದಿಂದ ಗುಣಿಸಬೇಕು, ಅಷ್ಟೇ:

```
20,000 × (85.50 − 85.20) = 6,000
```

ನಡುವಿನ ಬ್ಯಾಂಕಿನ 25 ಡಾಲರ್, 85.20ರಂತೆ 2,130. ಅದು ಬ್ಯಾಂಕ್ ಖರ್ಚು. 500 ಕೂಡ ಬ್ಯಾಂಕ್ ಖರ್ಚೇ. 1,206 ತೆರಿಗೆ, ಬ್ಯಾಂಕಿನ ಇನ್‌ವಾಯ್ಸ್‌ನಲ್ಲಿ ಘಟಕದ ಜಿಎಸ್‌ಟಿ ಸಂಖ್ಯೆ ಇದ್ದರೆ ಇನ್‌ಪುಟ್ ಕ್ರೆಡಿಟ್ ಕೇಳಬಹುದು. ನಷ್ಟದೊಳಗೆ ಮುಳುಗಿಸಿದರೆ ಅದು ಹೋದಂತೆಯೇ. ನಾಲ್ಕನ್ನೂ ಕೂಡಿದರೆ 9,836. ಒಂದು ರೂಪಾಯಿಯೂ ಅತ್ತಿತ್ತ ಇಲ್ಲ. ಉಳಿಕೆಯನ್ನು ವಿನಿಮಯಕ್ಕೆ ತಳ್ಳಿದಾಗ ಲೆಡ್ಜರ್ ಯಾವಾಗಲೂ ಸೊನ್ನೆ ಆಗುತ್ತದೆ, ಆದ್ದರಿಂದ ಆ ಸೊನ್ನೆ ಯಾವುದನ್ನೂ ರುಜುವಾತು ಮಾಡುವುದಿಲ್ಲ. ಬೇರೆ ದಾರಿಯಿಂದ ಬಂದ ಅಂಕಿ ಆ ಉಳಿಕೆಗೆ ತಾಳೆಯಾದರೆ ಮಾತ್ರ ಪರಿಶೀಲನೆ ಆಯಿತು ಎನ್ನಬೇಕು.

ಆ 25 ಡಾಲರ್ ವಿದೇಶಿ ಬ್ಯಾಂಕ್ ಶುಲ್ಕ ಎಂದು ಬ್ಯಾಂಕಿಗೂ ತಿಳಿಸುವಂತೆ ಮೇಡಂಗೆ ಹೇಳುತ್ತೀರಿ. ಇಲ್ಲದಿದ್ದರೆ ಶಿಪ್ಪಿಂಗ್ ಬಿಲ್ಲಿನ ಎದುರು ಬಾಕಿಯಾಗಿ ಉಳಿದು ಮುಂದೆ ಪತ್ರ ಬರಬಹುದು.

ಯಜಮಾನರು ಒಳಗೆ ಬರುತ್ತಾರೆ. “ಆರು ಸಾವಿರ ರೂಪಾಯಿ ಡಾಲರ್ ಬಿದ್ದಿದ್ದಕ್ಕೆ ಹೋಯ್ತು, ಅಲ್ವಾ ಸ್ವಾಮಿ?”

ಏಪ್ರಿಲ್ 24ರ ಎಫ್‌ಬಿಐಎಲ್ ದರವನ್ನು ತೆಗೆದು ಅವರ ಮುಂದಿಡಿ: 85.55. ಮಾರ್ಚ್ ಕೊನೆಯ ದರಕ್ಕಿಂತ ಐದು ಪೈಸೆ ಮೇಲೆ. ಮಾರುಕಟ್ಟೆ ಲೆಕ್ಕದಲ್ಲಿ ಏಪ್ರಿಲ್‌ನಲ್ಲಿ ಡಾಲರ್ ಬೀಳಲೇ ಇಲ್ಲ. 20,000ಕ್ಕೆ ಸಾವಿರ ರೂಪಾಯಿ ಲಾಭವೇ ಆಗಬೇಕಿತ್ತು. ಬ್ಯಾಂಕ್ ಕೊಂಡ ದರ ಅದಕ್ಕಿಂತ 35 ಪೈಸೆ ಕೆಳಗೆ ಇದ್ದದ್ದರಿಂದ ಸುಮಾರು 7,000 ಬ್ಯಾಂಕಿನ ಮಾರ್ಜಿನ್ ಆಗಿ ಹೋಯಿತು. ಎಫ್‌ಬಿಐಎಲ್ ದರ ಆ ದಿನದ ಒಂದು ಅಳತೆ, ಹಣ ಪರಿವರ್ತನೆಯಾದ ಗಳಿಗೆಯ ಮಾರುಕಟ್ಟೆ ದರವಲ್ಲ. ಅದಕ್ಕೇ ‘ಸುಮಾರು’ ಎಂದೆ. ಪುಸ್ತಕದಲ್ಲಿ 6,000 ವಿನಿಮಯ ನಷ್ಟ ಎಂದಿರುವುದು ಸರಿ, ಏಕೆಂದರೆ ಹಣ ನಿಜವಾಗಿ ತೀರಿದ್ದು 85.20ಕ್ಕೆ. ಆದರೆ ಯಜಮಾನರಿಗೆ ಕಾರಣ ಗೊತ್ತಿರಬೇಕು. ರೂಪಾಯಿಯ ಏರಿಳಿತ ಅವರ ಕೈಯಲ್ಲಿಲ್ಲ, ಮಾರ್ಜಿನ್ ಮಾತಾಡಿ ಇಳಿಸಬಹುದು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿದ್ರೆ ರೇಟ್ ಹೆಚ್ಚು ಕೊಡ್ತಾರಾ?” ಎನ್ನುತ್ತಾರೆ.

ಬಹಳ ಸಲ ಕೊಡುತ್ತಾರೆ. ರಫ್ತು ಮಾಡುವವರು ನೀವಾಗಿದ್ದರೆ ಹಣ ಬಂದ ಸುದ್ದಿ ತಿಳಿದ ಕೂಡಲೇ, ರೂಪಾಯಿಗೆ ತಿರುಗಿಸುವ ಮುನ್ನ, ಬ್ಯಾಂಕಿಗೆ ಫೋನ್ ಮಾಡಿ ದರ ಕೇಳಿ. ಕ್ಲಿಯರಿಂಗ್ ಕಾರ್ಪೊರೇಷನ್ 2019ರಲ್ಲಿ ಶುರು ಮಾಡಿದ ಎಫ್‌ಎಕ್ಸ್-ರೀಟೇಲ್ ವೇದಿಕೆಯಲ್ಲಿ ನೋಂದಾಯಿಸಿಕೊಂಡರೆ ಮಾರುಕಟ್ಟೆ ದರ ನಿಮ್ಮ ಕಣ್ಣಿಗೂ ಕಾಣುತ್ತದೆ. ಅಡ್ವೈಸ್ ಮತ್ತು ಸ್ವಿಫ್ಟ್ ಪ್ರತಿಯನ್ನು ಅಂದೇ ತರಿಸಿ ಬಿಲ್ಲಿನ ಜೊತೆ ಫೈಲಿಗೆ ಹಾಕಿಸಿ.