ಪ್ಲೇಸ್‌ಮೆಂಟ್ ಡೈರಿ - 5: ಒಂದು ಬ್ಯಾಕ್ ಉಳಿದಿದೆ, ಎಚ್‌ಆರ್‌ಗೆ ಏನಂತ ಹೇಳೋದು?

ನಮ್ಮ ಪಿಜಿಯ ಅಕ್ಕ ಒಬ್ಬರು 2022ರಲ್ಲಿ ಬಿಕಾಂ ಸೇರಿ, 2025ರಲ್ಲಿ ಆರನೇ ಸೆಮ್ ಮುಗಿಸಿದ್ರು. ಐದನೇ ಸೆಮ್‌ನ ಇನ್‌ಕಮ್ ಟ್ಯಾಕ್ಸ್ ಒಂದೇ ಬ್ಯಾಕ್. ಅದನ್ನ ಬರೆಯೋಕೆ ಜೂನಿಯರ್‌ಗಳ ಐದನೇ ಸೆಮ್ ಪರೀಕ್ಷೆ ಬರಬೇಕು, ಅಂದ್ರೆ ಡಿಸೆಂಬರ್. ಆಗಸ್ಟ್‌ನಲ್ಲೇ ಅಕೌಂಟ್ಸ್ ಕೆಲಸಕ್ಕೆ ಆಫರ್ ಬಂತು, ಹಿಂದೆಯೇ ವೆರಿಫಿಕೇಶನ್ ಫಾರ್ಮ್. ಮನೆಗೆ ಅವರದೇ ಮೊದಲ ಸಂಬಳ ಆಗೋದಿತ್ತು.

ಫಾರ್ಮ್‌ನಲ್ಲಿ Year of Passing ಅಂತ ಕೇಳಿತ್ತು. “2025 ಅಂತ ಹಾಕು, ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಅನ್ನು” ಅಂತ ಗೆಳತಿಯರ ಸಲಹೆ.

ಇಲ್ಲೇ ಎಡವಟ್ಟಾಗೋದು. ಎಲ್ಲ ಪಾಸಾಗಿ ಘಟಿಕೋತ್ಸವ ಆಗಿಲ್ಲ ಅಂದ್ರೆ ಅದು “ಸರ್ಟಿಫಿಕೇಟ್ ಬಾಕಿ”. ಎಲ್ಲ ಸೆಮ್‌ನ ಮಾರ್ಕ್ಸ್ ಕಾರ್ಡ್, ಪ್ರೊವಿಷನಲ್ ಸರ್ಟಿಫಿಕೇಟ್ ಕೊಟ್ರೆ ಸಾಮಾನ್ಯವಾಗಿ ಸಾಕು. ಆದ್ರೆ ಒಂದು ಪೇಪರ್ ಉಳಿದಿದ್ರೂ ಅದು “ಡಿಗ್ರಿ ಬಾಕಿ”, ಪ್ರೊವಿಷನಲ್ ಸಿಗೋದೇ ಇಲ್ಲ. ಪಾಸಾದ ವರ್ಷ ಅಂದ್ರೆ ಕೊನೇ ಪೇಪರ್ ಪಾಸಾದ ವರ್ಷ, ಆರನೇ ಸೆಮ್ ಬರೆದ ವರ್ಷ ಅಲ್ಲ.

ವೆರಿಫಿಕೇಶನ್ ಏಜೆನ್ಸಿಯವರು ನಾವು ಬರೆದಿದ್ದನ್ನ ಯೂನಿವರ್ಸಿಟಿಯ ಪರೀಕ್ಷಾ ವಿಭಾಗದ ದಾಖಲೆ ಜೊತೆ ಹೋಲಿಸ್ತಾರೆ. ದಾಖಲೆ ಕಮ್ಮಿ ಇದ್ರೆ “ಇನ್‌ಸಫಿಶಿಯೆನ್ಸಿ”, ಅಂದ್ರೆ ಕೇಳ್ತಾರೆ, ಕೊಡೋಕೆ ಟೈಮ್ ಇರುತ್ತೆ. ಬರೆದದ್ದೇ ತಾಳೆ ಆಗ್ಲಿಲ್ಲ ಅಂದ್ರೆ “ಡಿಸ್ಕ್ರೆಪೆನ್ಸಿ”. ಆಗ ಮಾತು ಬ್ಯಾಕ್ ಬಗ್ಗೆ ಇರಲ್ಲ, ಸುಳ್ಳು ಮಾಹಿತಿ ಬಗ್ಗೆ ಇರುತ್ತೆ. ಕೆಲಸಕ್ಕೆ ಸೇರಿದ ಮೇಲೂ ತೆಗೀಬಹುದು.

ಅಕ್ಕ ಫಾರ್ಮ್ ಮುಟ್ಟೋ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕಿದ್ರು. ನಾನೂ ಪಕ್ಕದಲ್ಲೇ ಕೂತಿದ್ದೆ. ಅದರ ಸಾರ ಇಷ್ಟೇ:

“ಆರು ಸೆಮಿಸ್ಟರ್ ಮುಗಿದಿದೆ. ಐದನೇ ಸೆಮಿಸ್ಟರ್‌ನ ಒಂದು ವಿಷಯ ಬಾಕಿ ಇದೆ, ಮುಂದಿನ ಪರೀಕ್ಷೆ ಡಿಸೆಂಬರ್‌ನಲ್ಲಿ. ಎಲ್ಲ ಮಾರ್ಕ್ಸ್ ಕಾರ್ಡ್ ಲಗತ್ತಿಸಿದ್ದೇನೆ. ಫಾರ್ಮ್‌ನಲ್ಲಿ ಡಿಗ್ರಿ ಸ್ಥಿತಿಯನ್ನು ಹೇಗೆ ತುಂಬಬೇಕು ತಿಳಿಸಿ.”

ಕಾರಣ, ಕಣ್ಣೀರು ಏನೂ ಇಲ್ಲ. ಕೊನೇ ಸಾಲು ಮುಖ್ಯ: ಉತ್ತರ ಬರಹದಲ್ಲೇ ಸಿಗುತ್ತೆ. ಫೋನ್‌ನಲ್ಲಿ “ಪರವಾಗಿಲ್ಲ ಬಿಡಿ” ಅಂದಿದ್ದು ಏಜೆನ್ಸಿ ರಿಪೋರ್ಟ್ ಬಂದಾಗ ಕೆಲಸಕ್ಕೆ ಬರಲ್ಲ.

ಎರಡು ದಿನ ಬಿಟ್ಟು ಉತ್ತರ ಬಂತು: Pursuing ಅಂತ ತುಂಬಿ, ಮಾರ್ಚ್ ಒಳಗೆ ಪ್ರೊವಿಷನಲ್ ಕೊಡ್ತೀನಿ ಅಂತ ಮುಚ್ಚಳಿಕೆ ಬರೆದುಕೊಡಿ. ಮಾರ್ಚ್ ಅಂತ ಒಪ್ಪೋ ಮೊದಲು ಅಕ್ಕ, ಹಿಂದಿನ ವರ್ಷ ರಿಸಲ್ಟ್ ಯಾವಾಗ ಬಂದಿತ್ತು ಅಂತ ಕಾಲೇಜ್ ಆಫೀಸಲ್ಲಿ ವಿಚಾರಿಸಿ, ಏಪ್ರಿಲ್ ಕೊನೆವರೆಗೂ ಟೈಮ್ ಕೇಳಿ ತಗೊಂಡ್ರು.

ಎಲ್ಲ ಕಡೆ ಹೀಗೇ ಆಗಲ್ಲ. ಆಫರ್ ಲೆಟರ್‌ನಲ್ಲಿ “ಸೇರುವಾಗ ಬ್ಯಾಕ್ ಇರಬಾರದು” ಅಂತ ಇದ್ರೆ ಇದೇ ಮೇಲ್‌ಗೆ “ಕ್ಲಿಯರ್ ಮಾಡ್ಕೊಂಡು ಬನ್ನಿ” ಅಂತಲೂ ಉತ್ತರ ಬರಬಹುದು. ಅವರ ಇನ್ನೊಬ್ಬ ಕ್ಲಾಸ್‌ಮೇಟ್‌ಗೆ ಹಾಗೇ ಆಯ್ತು. ಆದ್ರೆ ಅವನ ಹೆಸರ ಮುಂದೆ ಡಿಸ್ಕ್ರೆಪೆನ್ಸಿ ಅಂತ ಬೀಳ್ಲಿಲ್ಲ, ಮುಂದಿನ ಬ್ಯಾಚ್‌ಗೆ ಮತ್ತೆ ಅಪ್ಲೈ ಮಾಡಿದಾನೆ.

ಫೈನಲ್ ಇಯರ್‌ನವರು ಸೇವ್ ಮಾಡ್ಕೊಳ್ಳಿ. ಮುಂದಿನ ಭಾಗ: ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ರೆ?

#ಪ್ಲೇಸ್‌ಮೆಂಟ್‌ಡೈರಿ #ಬಿಕಾಂ