ಎಂಟು ಮಿಲಿಮೀಟರ್ ವ್ಯತ್ಯಾಸ

ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಬದುಕುವವರ ಮನೆಯಲ್ಲಿ ದೊಡ್ಡ ಕೆಲಸವೆಂದರೆ ಚೀಲದ ಸುತ್ತಲಿನ ಚರ್ಮ ಕಾಯುವುದು. ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮ ಮತ್ತು ಮಕ್ಕಳು ನಾವೆಲ್ಲ ಸೇರಿ ಕಲಿತದ್ದು ಇದನ್ನೇ.

ಕರುಳನ್ನು ಹೊಟ್ಟೆಯ ಹೊರಗೆ ತಂದು ಹೊಲಿದು ಮಾಡುವ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ದೊಡ್ಡ ಕರುಳಿನಿಂದ ಮಾಡಿದರೆ ಅದು ಕೊಲೋಸ್ಟಮಿ. ಸಾಮಾನ್ಯವಾಗಿ ಎಡಭಾಗದಲ್ಲಿರುತ್ತದೆ, ಮಲ ಹೆಚ್ಚುಕಡಿಮೆ ಗಟ್ಟಿಯಾಗಿ ಬರುತ್ತದೆ. ಮೂತ್ರಕ್ಕೆ ದಾರಿ ಮಾಡಿದರೆ ಯೂರೋಸ್ಟಮಿ. ಅಪ್ಪನದು ಇಲಿಯೋಸ್ಟಮಿ, ಅಂದರೆ ಸಣ್ಣ ಕರುಳಿನ ಕೊನೆಯ ಭಾಗ. ಇಲ್ಲಿ ಹೊರಬರುವುದು ಗಂಜಿಯಂತೆ ತೆಳುವಾಗಿರುತ್ತದೆ, ದಿನವಿಡೀ ಬರುತ್ತಲೇ ಇರುತ್ತದೆ. ಅದರಲ್ಲಿ ಅನ್ನ ಕರಗಿಸುವ ಜೀರ್ಣರಸ ಇನ್ನೂ ಉಳಿದಿರುತ್ತದೆ. ಅದು ಚರ್ಮಕ್ಕೆ ತಾಗಿದರೆ ಚರ್ಮವನ್ನೂ ಕರಗಿಸಲು ಶುರುಮಾಡುತ್ತದೆ.

ಮನೆಗೆ ಬಂದು ಆರು ವಾರ ಕಳೆಯುವ ಹೊತ್ತಿಗೆ ಅಪ್ಪನ ಸ್ಟೋಮಾದ ಸುತ್ತ ಬಳೆಯ ಹಾಗೆ ಕೆಂಪಾಯಿತು, ನೀರು ಜಿನುಗತೊಡಗಿತು. ಮೂರು ನಾಲ್ಕು ದಿನ ನಿಲ್ಲುತ್ತಿದ್ದ ಚೀಲ ಒಂದೇ ದಿನಕ್ಕೆ ಸೋರಿ ಬಿಟ್ಟುಕೊಳ್ಳುತ್ತಿತ್ತು. ಅಂಟು ಒಗ್ಗುತ್ತಿಲ್ಲವೇನೋ ಎಂದುಕೊಂಡು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಿಸ್ಟರ್ ನೋಡಿದವರೇ ಕೇಳಿದರು: "ಯಜಮಾನ್ರೆ, ಅಳತೆ ತಗೊಂಡು ಎಷ್ಟು ದಿನ ಆಯ್ತು?"

ಡಿಸ್ಚಾರ್ಜ್ ದಿನ ತೆಗೆದದ್ದೇ ಕೊನೆ. ಆಗ ಸ್ಟೋಮಾದ ಅಗಲ 38 ಮಿಲಿಮೀಟರ್, ಪ್ಲೇಟಿನ ತೂತನ್ನು 40ಕ್ಕೆ ಕತ್ತರಿಸಲು ಹೇಳಿದ್ದರು. ಆದರೆ ಶಸ್ತ್ರಚಿಕಿತ್ಸೆಯ ಬಾವು ಇಳಿಯುತ್ತಾ ಮೊದಲ ಆರರಿಂದ ಎಂಟು ವಾರದಲ್ಲಿ ಸ್ಟೋಮಾ ಚಿಕ್ಕದಾಗುತ್ತದೆ. ಸಿಸ್ಟರ್ ಅಳತೆ ಕಾರ್ಡು ಇಟ್ಟು ನೋಡಿದಾಗ 30 ಇತ್ತು. 40ರ ತೂತಿನಲ್ಲಿ 30ರ ಸ್ಟೋಮಾ ಕೂತರೆ ಸುತ್ತಲೂ 5 ಮಿಲಿಮೀಟರ್ ಚರ್ಮ ಬಯಲಾಗಿರುತ್ತದೆ. ಸುಟ್ಟಿದ್ದು ಸರಿಯಾಗಿ ಅಷ್ಟೇ ಜಾಗ. ಅವರು ತೂತನ್ನು 32ಕ್ಕೆ ಕತ್ತರಿಸಿದರು.

ಕೆಂಪು ಎಲ್ಲಿದೆ ಎಂಬುದರಲ್ಲೇ ಕಾರಣದ ಸುಳಿವು ಇರುತ್ತದೆ ಎಂದೂ ಅವರು ತೋರಿಸಿಕೊಟ್ಟರು. ಸ್ಟೋಮಾಕ್ಕೆ ತಾಗಿಕೊಂಡೇ ಇದ್ದರೆ ಸೋರಿಕೆ. ಪ್ಲೇಟು ಅಂಟಿದಷ್ಟೂ ಜಾಗ ಪ್ಲೇಟಿನ ಆಕಾರದಲ್ಲೇ ಕೆಂಪಾಗಿ ತುರಿಸಿದರೆ ಅಂಟಿನ ಅಲರ್ಜಿ ಇರಬಹುದು. ಬೆವರಿನ ಕಾಲದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಸುತ್ತ ಹರಡಿದರೆ ಶಿಲೀಂಧ್ರ ಸೋಂಕು ಇರಬಹುದು, ಅದಕ್ಕೆ ಡಾಕ್ಟರ್ ಔಷಧಿಯೇ ಬೇಕು.

ಅಲ್ಲಿಂದ ಚೀಲ ಬದಲಿಸುವ ಕ್ರಮ ಹೀಗಾಯಿತು. ಬೆಳಗ್ಗೆ ಕಾಫಿಗೂ ಮೊದಲು, ಕರುಳು ಶಾಂತವಾಗಿರುವಾಗ. ಹಳೆಯ ಪ್ಲೇಟನ್ನು ಕೀಳದೆ, ಚರ್ಮ ಒತ್ತಿ ಹಿಡಿದು ನಿಧಾನವಾಗಿ ಬಿಡಿಸುವುದು. ಬರೀ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒತ್ತಿ ಒರೆಸುವುದು. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚಿ ಅಂದರೂ ಹಚ್ಚುವಂತಿಲ್ಲ, ಎಣ್ಣೆಯ ಮೇಲೆ ಪ್ಲೇಟು ನಿಲ್ಲುವುದಿಲ್ಲ. ಹಸಿಯಾಗಿರುವ ಕಡೆ ಸ್ಟೋಮಾ ಪೌಡರ್ ಉದುರಿಸಿ, ಹೆಚ್ಚಾದದ್ದನ್ನು ಜಾಡಿಸುವುದು. ಪ್ಲೇಟು ಅಂಟಿಸಿದ ಮೇಲೆ ಅಂಗೈಯ ಬಿಸಿ ತಾಗುವಂತೆ ಕೆಲವು ನಿಮಿಷ ಒತ್ತಿ ಹಿಡಿಯುವುದು. ಚೀಲ ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡುವುದು. ಭಾರ ಹೆಚ್ಚಾದರೆ ಪ್ಲೇಟನ್ನು ಎಳೆಯುತ್ತದೆ. ಒಂದು ವಾರದಲ್ಲಿ ಚರ್ಮ ಒಣಗಿತು.

ಊಟಕ್ಕೂ ಸೋರಿಕೆಗೂ ನಂಟಿದೆ. ತೆಳುವಾಗಿ ಬಂದಷ್ಟೂ ಪ್ಲೇಟಿನ ಅಡಿಗೆ ನುಗ್ಗುತ್ತದೆ. ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು ಅದನ್ನು ಗಟ್ಟಿ ಮಾಡುತ್ತವೆ. ಅಪ್ಪನ ಕಷ್ಟ ಇದ್ದದ್ದು ಮುದ್ದೆಯಲ್ಲಿ. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವಂಥದ್ದು. ಅದರ ಜೊತೆ ಸಾರಿನ ಸೊಪ್ಪು, ಕಾಳೂ ಅಗಿಯದೆ ಒಳಗೆ ಹೋಗುತ್ತವೆ. ನಾರಿನ ಉಂಡೆ ಸ್ಟೋಮಾದ ಬಳಿ ಸಿಕ್ಕಿಕೊಳ್ಳಬಹುದು. ಹಾಗಾಗಿ ಮೊದಲ ಎರಡು ತಿಂಗಳು ಸೊಪ್ಪು, ನುಗ್ಗೆಕಾಯಿ, ಜೋಳದ ತೆನೆ, ಕಡಲೆಕಾಯಿ, ಕೊಬ್ಬರಿ ಚೂರು ಬಿಟ್ಟರು. ಆಮೇಲೆ ಒಂದೊಂದೇ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಮುದ್ದೆ ಚಿಕ್ಕದಾಗಿ, ಬಸಿದ ತಿಳಿಸಾರಿನ ಜೊತೆ ವಾಪಸ್ ಬಂತು.

ಮನೆಮದ್ದಿಗೆ ನಿಲ್ಲದ ಲಕ್ಷಣಗಳೂ ಇವೆ. ಹಲವು ಗಂಟೆ ಏನೂ ಬರದೆ ಹೊಟ್ಟೆ ಹಿಂಡಿ ವಾಂತಿಯಾದರೆ ಕರುಳು ಕಟ್ಟಿದೆ ಎಂದೇ ತಿಳಿಯಬೇಕು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗಿ ಮೂತ್ರ ಕಡಿಮೆಯಾದರೆ ನೀರಿನ ಜೊತೆ ಉಪ್ಪೂ ಖಾಲಿಯಾಗುತ್ತಿದೆ. ಬರೀ ನೀರು ಕುಡಿದರೆ ಇನ್ನೂ ಹೆಚ್ಚು ಹೋಗುತ್ತದೆ, ಓಆರ್‌ಎಸ್ ಕುಡಿಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ಕೆನ್ನೆಯ ಒಳಭಾಗದಂತೆ ಕೆಂಪಗೆ ತೇವವಾಗಿರಬೇಕಾದ ಸ್ಟೋಮಾ ಕಪ್ಪಾದರೆ ಒಂದು ಗಳಿಗೆಯೂ ಕಾಯಬಾರದು. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಹೆದರುವುದು ಬೇಡ. ಮೊದಲ ಎರಡು ತಿಂಗಳು ಅಳತೆ ಕಾರ್ಡನ್ನು ವಾರಕ್ಕೊಮ್ಮೆ ಹೊರತೆಗೆದರೆ ಸಾಕು, ಚರ್ಮದ ಅರ್ಧ ತೊಂದರೆ ಬರುವುದೇ ಇಲ್ಲ.